ಹೆಚ್ಚು ಬಾರಿ ಸೋತು ಗಳಿಸುವ ಪದ್ಧತಿ

ವ್ಯಾಪಾರದ ಕಲೆ ಕಲಿಸಿದರೆ ಬರುತ್ತದೆಯೇ ಎಂಬ ವಾದ ಷಿಕಾಗೋದ ಸರಕು ವ್ಯಾಪಾರಿ ರಿಚರ್ಡ್ ಡೆನ್ನಿಸ್ ಮತ್ತು ಅವರ ಗೆಳೆಯ ವಿಲಿಯಂ ಎಕ್ಹಾರ್ಟ್ ನಡುವೆ ಇತ್ತು. ಅದನ್ನು ತೀರ್ಮಾನಿಸಲು 1983ರಲ್ಲಿ ಡೆನ್ನಿಸ್ ಜಾಹೀರಾತು ಕೊಟ್ಟು ಜನರನ್ನು ಆರಿಸಿದರು, ನಿಯಮಗಳನ್ನು ಕಲಿಸಿದರು, ವ್ಯಾಪಾರ ಮಾಡಲು ತಮ್ಮ ಹಣವನ್ನೇ ಕೊಟ್ಟರು. ಇವರೇ ‘ಟರ್ಟಲ್’ಗಳು. ಅವರ ಒಂದು ಮುಖ್ಯ ನಿಯಮ ಸರಳ: ಬೆಲೆ 20 ದಿನಗಳ ಗರಿಷ್ಠ ಮಟ್ಟವನ್ನು ದಾಟಿದರೆ ಕೊಳ್ಳಬೇಕು, 10 ದಿನಗಳ ಕನಿಷ್ಠಕ್ಕಿಂತ ಕೆಳಗಿಳಿದರೆ ಮಾರಬೇಕು. ಅದಕ್ಕೂ ಮೊದಲೇ ಬೆಲೆ ತಿರುಗಿಬಿದ್ದರೆ ಸ್ಟಾಪ್‌ಲಾಸ್ ಇರುತ್ತದೆ. ಅಲ್ಲಿ ಹೋಗುವ ಹಣ ಖಾತೆಯ ಸುಮಾರು 2 ಪ್ರತಿಶತ.

ಹೀಗೆ ಕೊಂಡಾಗ ಹೆಚ್ಚಿನ ಸಲ ಬೆಲೆ ಮತ್ತೆ ಕೆಳಗೆ ಬರುತ್ತದೆ. ಆದರೂ ಲಾಭ ಹೇಗೆ? ಒಂದು ಲೆಕ್ಕ ನೋಡೋಣ. ಪ್ರತಿ ಸೋಲಿಗೆ 2,000 ರೂಪಾಯಿ, ಪ್ರತಿ ಗೆಲುವಿಗೆ ಸರಾಸರಿ 6,000 ಎಂದಿಟ್ಟುಕೊಳ್ಳಿ. 20 ವಹಿವಾಟುಗಳಲ್ಲಿ 7 ಮಾತ್ರ ಗೆದ್ದರೆ ಬಂದದ್ದು 42,000, ಹೋದದ್ದು 26,000. ವಹಿವಾಟಿಗೆ 200ರಂತೆ ಖರ್ಚು ಕಳೆದ ಮೇಲೂ 12,000 ಉಳಿಯುತ್ತದೆ. ಗೆಲುವು ಸೋಲಿನ ಮೂರು ಪಟ್ಟು ಇರುವಾಗ, ಖರ್ಚು ಬಿಟ್ಟರೆ, ನಾಲ್ಕರಲ್ಲಿ ಒಂದು ಗೆದ್ದರೂ ಅಸಲು ಉಳಿಯುತ್ತದೆ.

ಈ ಪದ್ಧತಿಯ ನಿಜವಾದ ಕಷ್ಟವೂ ಇದೇ ಲೆಕ್ಕದಲ್ಲಿದೆ. ಸಾಲು ಸೋಲುಗಳಿಂದ ಬೇಸತ್ತು ಎರಡು ವಹಿವಾಟು ಕೈಬಿಟ್ಟಿರಿ, ಅವೆರಡೂ ಗೆಲ್ಲುವಂಥವೇ ಆಗಿದ್ದವು ಎನ್ನಿ. ಆಗ ಖರ್ಚು ಕಳೆದು ಕೈಗೆ ಬರುವುದು ಬರೀ 400 ರೂಪಾಯಿ! ಸೋಲಿನ ಸಾಲು ಅಪರೂಪವೂ ಅಲ್ಲ. ಗೆಲುವು 35 ಪ್ರತಿಶತವಿದ್ದರೆ, ನೂರು ವಹಿವಾಟುಗಳ ಅವಧಿಯಲ್ಲಿ ಸತತ 8 ಸೋಲು ಒಮ್ಮೆಯಾದರೂ ಬರುವ ಸಾಧ್ಯತೆಯೇ ಹೆಚ್ಚು. ಪ್ರತಿ ಸಲ ಖಾತೆಯ 10 ಪ್ರತಿಶತ ಪಣಕ್ಕಿಟ್ಟವರ ಅರ್ಧಕ್ಕಿಂತ ಹೆಚ್ಚು ಹಣ ಆ ಎಂಟರಲ್ಲೇ ಹೋಗಿರುತ್ತದೆ. 2 ಪ್ರತಿಶತದ ಕಟ್ಟುನಿಟ್ಟು ಇರುವುದು ಇದಕ್ಕಾಗಿ.

ಇಂದು ಎಲ್ಲೆಡೆ ಕೇಳಿಬರುವ ‘ಒಂದಕ್ಕೆ ಮೂರು ಇದ್ದರೆ ಸಾಕು’ ಎಂಬ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಗುರಿಯನ್ನು ದೂರವಿಟ್ಟಷ್ಟೂ ಅದನ್ನು ಮುಟ್ಟುವ ವಹಿವಾಟುಗಳು ಕಡಿಮೆಯಾಗುತ್ತವೆ. ಬೆಲೆ ಗೊತ್ತುಗುರಿಯಿಲ್ಲದೆ ಏರಿಳಿಯುವ ಕಡೆ ಮೂರು ಪಟ್ಟಿನ ಗುರಿ ನಾಲ್ಕರಲ್ಲಿ ಒಂದು ಬಾರಿ ಮಾತ್ರ ಸಿಗುತ್ತದೆ, ಬ್ರೋಕರೇಜ್ ಕಳೆದರೆ ನಷ್ಟವೇ. ಟರ್ಟಲ್‌ಗಳ ಲಾಭ ಬಂದದ್ದು ಅನುಪಾತದಿಂದಲ್ಲ, ಸರಕಿನ ಬೆಲೆಗಳು ಕೆಲವೊಮ್ಮೆ ತಿಂಗಳುಗಟ್ಟಲೆ ಒಂದೇ ದಿಕ್ಕಿನಲ್ಲಿ ಸಾಗಿದ್ದರಿಂದ. ಅವರು ಲಾಭಕ್ಕೆ ಗುರಿಯನ್ನೇ ಕಟ್ಟಿರಲಿಲ್ಲ. ಓಡುವ ಬೆಲೆಯನ್ನು ಓಡಲು ಬಿಟ್ಟಿದ್ದರು.

ಹಾಗಾಗಿ ಯಾವ ಪದ್ಧತಿಯನ್ನೇ ಆಗಲಿ, ಹಣ ಹಾಕುವ ಮುನ್ನ ಅದರ ಹಳೆಯ ವಹಿವಾಟುಗಳ ಪಟ್ಟಿ ಕೇಳಿ. ಯೋಜಿಸಿದ ಅನುಪಾತ ಬೇಡ. ಖರ್ಚು ಕಳೆದ ಸರಾಸರಿ ಗೆಲುವು, ಸರಾಸರಿ ಸೋಲು, ಅತಿ ಉದ್ದದ ಸೋಲಿನ ಸಾಲು, ಈ ಮೂರನ್ನು ನೋಡಿ. ಅವನ್ನು ತೋರಿಸದವರಿಗೆ ಹಣ ಕೊಡಬೇಡಿ.