ಸಿಂಕಿನ ಮೇಲಿನ ನೋಟಿಸು

ಪದವಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಿಂಕಿನ ಮೇಲೆ ಒಂದು ನೋಟಿಸು ಅಂಟಿಸಿದ್ದಾರೆ. ಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಪರಿಸರ ವಿಜ್ಞಾನ, ಮೂರೂ ವಿಭಾಗದ ವಿದ್ಯಾರ್ಥಿಗಳು ಸರದಿಯ ಮೇಲೆ ಬಳಸುವ ಲ್ಯಾಬ್ ಅದು. ನೋಟಿಸು ಹೇಳುವುದು ಇಷ್ಟು: ‘ಆಸಿಡ್ ತ್ಯಾಜ್ಯಕ್ಕೆ ಸೋಡಾ ಹಾಕಿ ತಟಸ್ಥಗೊಳಿಸಿ ಸಿಂಕಿಗೆ ಸುರಿಯಿರಿ. ಸಾಲ್ವೆಂಟ್ ಕೆಂಪು ಕ್ಯಾನಿಗೆ. ಭಾರಲೋಹ ನೀಲಿ ಕ್ಯಾನಿಗೆ. ಅನುಮಾನವಿದ್ದರೆ ಅಟೆಂಡರ್ ಅವರನ್ನು ಕೇಳಿ.’

ಕನ್ನಡದಲ್ಲಿದೆ, ಅಕ್ಷರ ದೊಡ್ಡದಾಗಿದೆ, ಸುರಿಯುವ ಜಾಗದಲ್ಲೇ ಕಣ್ಣಿಗೆ ಬೀಳುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಇಷ್ಟೂ ಇರುವುದಿಲ್ಲ. ಆದರೆ ಬರೆದವರು ತ್ಯಾಜ್ಯವೆಂದರೆ ಒಂದೊಂದೂ ಬೇರೆಬೇರೆಯಾಗಿ ಬರುತ್ತದೆ ಎಂದುಕೊಂಡಿದ್ದಾರೆ. ವಿದ್ಯಾರ್ಥಿಯ ಕೈಯಲ್ಲಿರುವ ಫ್ಲಾಸ್ಕಿನಲ್ಲಿ ಎಲ್ಲವೂ ಕಲೆತಿರುತ್ತದೆ.

ಪರಿಸರ ವಿಜ್ಞಾನದವರ ಸಿಓಡಿ ಪ್ರಯೋಗವನ್ನೇ ನೋಡೋಣ. ನೀರಿನಲ್ಲಿರುವ ಸಾವಯವ ಕಲ್ಮಶ ಎಷ್ಟು ಆಮ್ಲಜನಕ ಬೇಡುತ್ತದೆಂದು ಅಳೆಯುವ ಪರೀಕ್ಷೆ ಇದು. ಸಾಮಾನ್ಯ ವಿಧಾನದಲ್ಲಿ 20 ಮಿ.ಲೀ. ಮಾದರಿಗೆ 0.4 ಗ್ರಾಂ ಮರ್ಕ್ಯುರಿಕ್ ಸಲ್ಫೇಟ್, 10 ಮಿ.ಲೀ. ಪೊಟ್ಯಾಸಿಯಂ ಡೈಕ್ರೋಮೇಟ್, ಸಿಲ್ವರ್ ಸಲ್ಫೇಟ್ ಕರಗಿಸಿದ 30 ಮಿ.ಲೀ. ಸಲ್ಫ್ಯೂರಿಕ್ ಆಸಿಡ್ ಹಾಕಿ ಎರಡು ಗಂಟೆ ಕುದಿಸುತ್ತಾರೆ. ಆರಿಸಿ, ನೀರು ಬೆರೆಸಿ, ಟೈಟ್ರೇಷನ್ ಮುಗಿಸಿದ ಮೇಲೆ ಉಳಿಯುವ ದ್ರವದಲ್ಲಿ ಪಾದರಸ, ಬೆಳ್ಳಿ, ಕ್ರೋಮಿಯಂ ಮೂರೂ ಇವೆ. ಆದರೆ ವಿದ್ಯಾರ್ಥಿಗೆ ಅದು ಆಸಿಡ್ಡಾಗಿಯೇ ಕಾಣುತ್ತದೆ, ನೋಟಿಸಿನ ಮೊದಲ ಸಾಲೂ ಆಸಿಡ್ಡಿನದೇ. ಸೋಡಾ ಹಾಕುತ್ತಾನೆ, ನೊರೆ ಉಕ್ಕುತ್ತದೆ, ಪಿಎಚ್ ಕಾಗದ 7 ತೋರಿಸುತ್ತದೆ. ನೋಟಿಸು ಹೇಳಿದಂತೆಯೇ ನಡೆದುಕೊಂಡು ಸಿಂಕಿಗೆ ಸುರಿಯುತ್ತಾನೆ.

ಪಿಎಚ್ ಕಾಗದಕ್ಕೆ ಲೋಹ ಕಾಣುವುದಿಲ್ಲ. ತಟಸ್ಥಗೊಳಿಸಿದಾಗ ಕ್ರೋಮಿಯಂ ಬಹುಪಾಲು ಗಸಿಯಾಗಿ ಇಳಿಯಬಹುದು. ಕ್ಲೋರೈಡಿನ ಜೊತೆ ಬಂಧಗೊಂಡ ಪಾದರಸ ಮಾತ್ರ ನೀರಿನಲ್ಲೇ ಉಳಿಯುತ್ತದೆ. ಲೆಕ್ಕ ಹಾಕಿದರೆ ಒಂದು ಫ್ಲಾಸ್ಕಿಗೆ ಹಾಕಿದ 0.4 ಗ್ರಾಂ ಲವಣದಲ್ಲಿ ಸುಮಾರು 270 ಮಿ.ಗ್ರಾಂ ಪಾದರಸವಿದೆ. ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಚರಂಡಿಗೆ ಬಿಡುವ ನೀರಿಗೆ ಪಾದರಸದ ಸಾಮಾನ್ಯ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಒಂದೇ ಫ್ಲಾಸ್ಕಿನ ಪಾದರಸವನ್ನು ಆ ಮಟ್ಟಕ್ಕೆ ತೆಳುಮಾಡಲು 27,000 ಲೀಟರ್ ನೀರು ಬೇಕು. ನಲ್ಲಿ ಬಿಟ್ಟು ತೊಳೆದುಬಿಟ್ಟೆ ಎನ್ನುವ ಸಮಾಧಾನಕ್ಕೆ ಇಲ್ಲಿ ಅರ್ಥವೇ ಇಲ್ಲ.

ಆದ್ದರಿಂದ ನೋಟಿಸಿನ ಸಾಲುಗಳ ಕ್ರಮ ತಲೆಕೆಳಗಾಗಬೇಕು. ಮೊದಲ ಪ್ರಶ್ನೆ: ಇದರಲ್ಲಿ ಪಾದರಸ, ಸೀಸ, ಕ್ರೋಮಿಯಂನಂಥ ಲೋಹವಿದೆಯೇ? ಇದ್ದರೆ ಸೋಡಾ ಮುಟ್ಟದೆ ಕ್ಯಾನಿಗೆ. ಫ್ಲಾಸ್ಕ್ ತೊಳೆದ ಮೊದಲ ನೀರೂ ಅದೇ ಕ್ಯಾನಿಗೆ. ಎರಡನೆಯದು: ಸಾಲ್ವೆಂಟ್ ಇದೆಯೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಮಾತ್ರ ಸೋಡಾ ಡಬ್ಬಿಗೆ ಕೈ ಹಾಕಬೇಕು. ಬ್ಯೂರೆಟ್ಟಿನಲ್ಲಿ ಉಳಿದ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಅಂಥದ್ದು. ಅದನ್ನು ತಟಸ್ಥಗೊಳಿಸಿ ಸಿಂಕಿಗೆ ಬಿಡಬಹುದು.

ಒಂದೇ ನೀಲಿ ಕ್ಯಾನ್ ಸಾಕೆನ್ನುವುದನ್ನೂ ನಾನು ಒಪ್ಪುವುದಿಲ್ಲ. ಸಾಲ್ಟ್ ಅನಾಲಿಸಿಸ್‌ನ ಸಲ್ಫೈಡ್ ಗಸಿ ಅದರಲ್ಲಿದ್ದು, ಮೇಲೆ ಸಿಓಡಿ ಆಸಿಡ್ ಬಿದ್ದರೆ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಸಿಓಡಿಗೆ ಪ್ರತ್ಯೇಕ ಕ್ಯಾನೇ ಬೇಕು.

ನೋಟಿಸಿನ ಅತಿ ದೊಡ್ಡ ಲೋಪ ಕೆಂಪು ಕ್ಯಾನಿನದು. ನೈಟ್ರಿಕ್ ಆಸಿಡ್ ಅದರ ಹತ್ತಿರ ಸುಳಿಯಬಾರದೆಂದು ಎಲ್ಲೂ ಬರೆದಿಲ್ಲ. ನೈಟ್ರಿಕ್ ಆಸಿಡ್ಡಿನಲ್ಲಿ ಗಾಜು ತೊಳೆದು, ಬೇಗ ಒಣಗಲೆಂದು ಅಸಿಟೋನ್ ಆಡಿಸಿ, ಆ ಅಸಿಟೋನನ್ನು ಕ್ಯಾನಿಗೆ ಸುರಿಯುವ ರೂಢಿ ಇದೆ. ಗಾಜಿಗೆ ಅಂಟಿದ್ದ ಆಸಿಡ್ಡೂ ಜೊತೆಗೆ ಹೋಗುತ್ತದೆ. ಸಾಲ್ವೆಂಟಿನ ಜೊತೆ ನೈಟ್ರಿಕ್ ಆಸಿಡ್ ಸೇರಿದಾಗ ಕೂಡಲೇ ಏನೂ ಆಗದಿರಬಹುದು. ಆಮೇಲೆ ನಿಧಾನವಾಗಿ ಬಿಸಿಯೇರಿ ಅನಿಲ ಹುಟ್ಟುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಯಾರೂ ಇಲ್ಲದ ರಾತ್ರಿ ಕ್ಯಾನ್ ಸಿಡಿಯುತ್ತದೆ. ಕ್ಯಾನ್ ಉಬ್ಬಿದ್ದರೆ, ಮುಟ್ಟಿದರೆ ಬೆಚ್ಚಗಿದ್ದರೆ, ಕಂದು ಹೊಗೆ ಕಂಡರೆ ಮುಚ್ಚಳ ತೆಗೆಯಲು ಹೋಗದೆ ಎಲ್ಲರೂ ಹೊರಗೆ ಬರಬೇಕು. ಕ್ಲೋರೋಫಾರ್ಮಿನ ಕ್ಯಾನೂ ಅಸಿಟೋನಿನದೂ ಬೇರೆಬೇರೆ ಇರಬೇಕು. ಕ್ಷಾರದ ಸೋಂಕಿದ್ದರೆ ಅವೆರಡೂ ರಭಸದಿಂದ ವರ್ತಿಸುತ್ತವೆ.

ನೋಟಿಸಿನ ಕೊನೆಯ ಸಾಲು ನನಗೆ ನೋವು ತರುವಂಥದ್ದು. ಕ್ಯಾನಿಗೆ ಏನು ಬಿತ್ತೆಂದು ಬಲ್ಲವನು ಸುರಿದವನೇ. ಅಟೆಂಡರ್ ಅದನ್ನು ಎತ್ತುವವರು, ಚೆಲ್ಲಿದರೆ ಒರೆಸುವವರು. ಪ್ರತಿ ಕ್ಯಾನಿಗೂ ಒಂದು ಚೀಟಿ ಕಟ್ಟಿ, ಸುರಿದವರು ದಿನಾಂಕ, ಪದಾರ್ಥ, ಅಂದಾಜು ಪ್ರಮಾಣ ಬರೆಯುವಂತಾಗಬೇಕು. ಅನುಮಾನಕ್ಕೆ ಉತ್ತರಿಸಬೇಕಾದವರು ಆ ಬ್ಯಾಚಿನ ಅಧ್ಯಾಪಕರು. ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದು 2016ರ ನಿಯಮ ಹೇಳುತ್ತದೆ. ಚೀಟಿಯಲ್ಲಿ ಮೊದಲ ದಿನಾಂಕವೇ ಇಲ್ಲದಿದ್ದರೆ ಆ ಎಣಿಕೆ ಶುರುವಾಗುವುದಾದರೂ ಎಲ್ಲಿಂದ?

ಈ ನೋಟಿಸನ್ನು ತಿದ್ದಿದರೆ ಸಾಲದು, ಕಿತ್ತು ಹೊಸದಾಗಿ ಬರೆಯಬೇಕು. ಸಿಓಡಿ ಬ್ಯಾಚು ಮುಂದಿನ ಸಲ ಲ್ಯಾಬಿಗೆ ಬರುವ ಮೊದಲೇ ಮೂರೂ ವಿಭಾಗದ ಅಧ್ಯಾಪಕರು ಒಟ್ಟಿಗೆ ಕೂತು ಇದನ್ನು ಮಾಡಲಿ.