ಒಂದು ತೆಳು ತೆರಪು, ಒಂದು ಹಟಮಾರಿ ಅಲ್ಪವಿರಾಮ

ಹಳೆ ಪುಸ್ತಕದ ಅಂಗಡಿಯಲ್ಲಿ ಯುರೋಪಿನ ಕಾದಂಬರಿಗಳ ರಾಶಿ ಕಂಡರೆ ಒಂದು ಆಟ ಆಡಬಹುದು. ಮಾತುಕತೆ ಇರುವ ಪುಟವನ್ನು ತೆರೆದು, ಅಕ್ಷರಗಳನ್ನೆಲ್ಲ ಬಿಟ್ಟು ಚಿಹ್ನೆಗಳನ್ನಷ್ಟೇ ನೋಡಬೇಕು. ಒಂದು ಪದವೂ ಗೊತ್ತಿಲ್ಲದವರು ಕೂಡ ಇದು ಫ್ರೆಂಚು, ಇದು ಜರ್ಮನ್ ಎಂದು ವಿಂಗಡಿಸಿ ಇಡಬಲ್ಲರು. ಕನ್ನಡದ ಒಂದು ಮಾತಿಗೇ ಮೂರು ಭಾಷೆಗಳ ಚಿಹ್ನೆ ತೊಡಿಸಿ ನೋಡೋಣ. ಮೊದಲನೆಯದು ಇಂಗ್ಲಿಷ್ ಪದ್ಧತಿ, ಎರಡನೆಯದು ಫ್ರೆಂಚ್, ಮೂರನೆಯದು ಜರ್ಮನ್:

“ಬಾ,” ಅಂದ ಅವನು, “ಹೊತ್ತಾಯಿತು.”

« ಬಾ, ಅಂದ ಅವನು, ಹೊತ್ತಾಯಿತು. »

„ಬಾ“, ಅಂದ ಅವನು, „ಹೊತ್ತಾಯಿತು.“

ಇಂಗ್ಲಿಷಿನವರು ‘ಅಂದ ಅವನು’ ಬಂದ ಕೂಡಲೇ ಉದ್ಧರಣವನ್ನು ಮುಚ್ಚಿ, ಅದು ಮುಗಿದ ಮೇಲೆ ಮತ್ತೆ ತೆರೆಯುತ್ತಾರೆ. ಮೊದಲ ಅಲ್ಪವಿರಾಮ ಉದ್ಧರಣದ ಒಳಗೇ ಉಳಿಯುತ್ತದೆ. ಜರ್ಮನರೂ ಮುಚ್ಚಿ ತೆರೆಯುತ್ತಾರೆ, ಆದರೆ ಅಲ್ಪವಿರಾಮವನ್ನು ಹೊರಗೆ ಹಾಕುತ್ತಾರೆ. ಅದು ಮಾತಾಡಿದವನದ್ದಲ್ಲ, ಬರೆದವನದ್ದು ಎಂಬುದು ಅವರ ತರ್ಕ. ಫ್ರೆಂಚರು ಮಾತ್ರ ನಡುವೆ ಮುಚ್ಚುವ ಗೋಜಿಗೇ ಹೋಗುವುದಿಲ್ಲ. ಕಥೆಗಾರನ ದನಿ ಉದ್ಧರಣದ ಒಳಗೇ ನುಸುಳಿ ಹೊರಟುಹೋಗುತ್ತದೆ. ಓದುಗರು ಎಡವುವುದಿಲ್ಲ, ಏಕೆಂದರೆ ಅಲ್ಲಿ ಕ್ರಿಯಾಪದ ಮೊದಲು ಬಂದು ಕರ್ತೃ ಆಮೇಲೆ ಬರುತ್ತದೆ. ಆ ತಿರುವುಮುರುವೇ ಮಾತು ಯಾರದೆಂದು ಹೇಳುತ್ತದೆ. ವ್ಯಾಕರಣ ಮಾಡಿ ಮುಗಿಸಿದ ಕೆಲಸವನ್ನು ಚಿಹ್ನೆ ಮತ್ತೆ ಮಾಡಬೇಕಿಲ್ಲ.

ಫ್ರೆಂಚ್ ಪುಟದಲ್ಲಿ ಹೊರಗಿನವರ ಕಣ್ಣಿಗೆ ಮೊದಲು ಬೀಳುವುದು ತೆರಪು. ಅಲ್ಪವಿರಾಮಕ್ಕೂ ಪೂರ್ಣವಿರಾಮಕ್ಕೂ ಹಿಂದೆ ತೆರಪಿಲ್ಲ. ಪ್ರಶ್ನೆ, ಆಶ್ಚರ್ಯ, ಅರ್ಧವಿರಾಮ, ಕೋಲನ್ ಇವುಗಳ ಹಿಂದೆ ಇದೆ. ನೆನಪಿಡಲು ಸುಲಭದ ಸೂತ್ರವೊಂದುಂಟು: ಎರಡು ತುಂಡುಗಳಿಂದಾದ ಚಿಹ್ನೆಗೆ ಎರಡೂ ಕಡೆ ತೆರಪು. ಎಷ್ಟು ತೆರಪು ಎಂಬುದನ್ನು ಈ ಸೂತ್ರ ಹೇಳುವುದಿಲ್ಲ. ಅಚ್ಚಿನ ಹದ ಇರುವುದೇ ಆ ಅಳತೆಯಲ್ಲಿ.

ಫ್ರಾನ್ಸಿನ ಸರ್ಕಾರಿ ಮುದ್ರಣಾಲಯ ಅಂಪ್ರಿಮರಿ ನಾಸಿಯೊನಾಲ್ ತನ್ನ ನಿಯಮಗಳಲ್ಲಿ ಎರಡು ಅಳತೆ ಇಟ್ಟುಕೊಂಡಿದೆ. ಕೋಲನ್ನಿನ ಹಿಂದೆಯೂ ಮೂಲೆಯಾಕಾರದ ಉದ್ಧರಣ ಚಿಹ್ನೆಗಳ ಒಳಬದಿಯಲ್ಲೂ ಪದಗಳ ನಡುವೆ ಇರುವಷ್ಟೇ ತೆರಪು. ಪ್ರಶ್ನೆ, ಆಶ್ಚರ್ಯ, ಅರ್ಧವಿರಾಮಗಳ ಹಿಂದೆ ಅದಕ್ಕಿಂತ ಕಿರಿದಾದ ತೆಳು ತೆರಪು. 12 ಪಾಯಿಂಟಿನ ಅಕ್ಷರದಲ್ಲಿ ಪದಗಳ ನಡುವೆ 3 ಪಾಯಿಂಟ್ ಬಿಟ್ಟಿದ್ದರೆ ಪ್ರಶ್ನೆಯ ಹಿಂದೆ ಅದರ ಅರ್ಧದ ಆಸುಪಾಸು ಸಾಕು. ಅಷ್ಟಿದ್ದರೆ ಕಣ್ಣಿಗೆ ತೆರಪೆಂದು ಕಾಣುವುದೇ ಇಲ್ಲ. ಚಿಹ್ನೆ ಅಕ್ಷರಕ್ಕೆ ಅಂಟಿಲ್ಲ ಎಂದಷ್ಟೇ ಅನ್ನಿಸುತ್ತದೆ. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಇದೇನೂ ಫ್ರೆಂಚರ ವಿಶೇಷವಾಗಿರಲಿಲ್ಲ. ಉದ್ದ ಕಡ್ಡಿಯಂಥ ಅಕ್ಷರದ ಪಕ್ಕ ಆಶ್ಚರ್ಯಸೂಚಕ ತಗುಲಿದರೆ ಅದೂ ಒಂದು ಅಕ್ಷರದಂತೆ ಕಂಡೀತು ಎಂದು ಮಧ್ಯೆ ತೆಳು ಸೀಸದ ಚೂರು ಇಡುತ್ತಿದ್ದರು. 19ನೇ ಶತಮಾನದ ಎಷ್ಟೋ ಇಂಗ್ಲಿಷ್ ಪುಸ್ತಕಗಳಲ್ಲೂ ಆ ಚೂರಿನ ಗುರುತಿದೆ. ಇಂಗ್ಲಿಷಿನವರು ಬಿಟ್ಟರು, ಫ್ರೆಂಚರು ಉಳಿಸಿಕೊಂಡರು.

ಅಳತೆ ಕೆಟ್ಟದ್ದು ಬೆರಳಚ್ಚು ಯಂತ್ರದಿಂದ. ಅದರಲ್ಲಿ ತೆರಪಿಗೆ ಇದ್ದದ್ದು ಒಂದೇ ಅಗಲ. ಚೂರು ತೆರಪು ಬೇಕಿದ್ದ ಕಡೆಯೆಲ್ಲ ಇಡೀ ತೆರಪು ಬಿತ್ತು. ಗಣಕದ ಫ್ರೆಂಚ್ ಕೀಲಿಮಣೆಯಲ್ಲೂ ತೆಳು ತೆರಪಿಗೆ ಬಹುಕಾಲ ಕೀಲಿ ಇರಲಿಲ್ಲ. 2019ರಲ್ಲಿ ಹೊರಬಂದ ಅಲ್ಲಿನ ರಾಷ್ಟ್ರೀಯ ಮಾನಕದಲ್ಲಷ್ಟೇ ಅದಕ್ಕೆ ಜಾಗ ಸಿಕ್ಕಿತು. ವರ್ಡ್ ತಂತ್ರಾಂಶದಲ್ಲಿ ಭಾಷೆಯನ್ನು ಫ್ರೆಂಚ್ ಎಂದು ಗೊತ್ತುಮಾಡಿದರೆ ಅದು ತಾನಾಗಿ ತೆರಪು ಹಾಕುತ್ತದೆ, ಆದರೆ ಹಾಕುವುದು ಪೂರ್ತಿ ಅಗಲದ್ದನ್ನು. ಹಾಗಾಗಿ ಕಚೇರಿಯ ಫ್ರೆಂಚ್ ಪತ್ರಗಳು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತವೆ. ಒಳ್ಳೆಯ ಪ್ರಕಾಶಕರ ಕಾದಂಬರಿಯನ್ನೂ ಅಂಥ ಪತ್ರವನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಅಗಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಗುಣ. ಈ ತೆರಪು ಮುರಿಯಬಾರದು. ಸ್ಪೇಸ್ ಬಾರ್ ಒತ್ತಿ ಹಾಕಿದ ತೆರಪಿನಲ್ಲಿ ಸಾಲು ಮುರಿಯಲು ಗಣಕಕ್ಕೆ ಪರವಾನಗಿ ಇದೆ. ಪದ ಸಾಲಿನ ಕೊನೆಗೆ ಬಂದರೆ ಪ್ರಶ್ನಾರ್ಥಕ ಚಿಹ್ನೆಯೊಂದೇ ಮುಂದಿನ ಸಾಲಿನ ತಲೆಯಲ್ಲಿ ಹೋಗಿ ಕೂರುತ್ತದೆ. ಇದನ್ನು ತಡೆಯುವ ತೆರಪುಗಳಿಗೆ ಯೂನಿಕೋಡ್ ಬೇರೆ ಸಂಖ್ಯೆಗಳನ್ನೇ ಕೊಟ್ಟಿದೆ: ಪೂರ್ತಿ ಅಗಲದ್ದಕ್ಕೆ `U+00A0`, ತೆಳುವಿನದ್ದಕ್ಕೆ `U+202F`. ಕ್ಯುಬೆಕ್‌ನ ಭಾಷಾ ಕಚೇರಿ ಇನ್ನೂ ವ್ಯವಹಾರಜ್ಞಾನದಿಂದ ನಡೆದಿದೆ. ತೆಳು ತೆರಪು ಸಿಗದಿದ್ದರೆ ಪ್ರಶ್ನೆ, ಆಶ್ಚರ್ಯ, ಅರ್ಧವಿರಾಮಗಳ ಹಿಂದೆ ತೆರಪೇ ಬೇಡ ಎಂಬುದು ಅದರ ಸಲಹೆ. ನನ್ನ ಓಟು ಅದಕ್ಕೇ.

ಕನ್ನಡದಲ್ಲಿ ‘ಯಾಕೆ’ ಎಂದು ಬರೆದು, ಸ್ಪೇಸ್ ಬಾರ್ ಒತ್ತಿ, ಆಮೇಲೆ ಪ್ರಶ್ನೆ ಹಾಕುವವರು ಬಹಳ ಮಂದಿ. ಆಹ್ವಾನ ಪತ್ರಿಕೆಗಳಲ್ಲೂ ಫ್ಲೆಕ್ಸುಗಳಲ್ಲೂ ದಿನವೂ ಕಾಣುತ್ತದೆ. ಅದು ಫ್ರೆಂಚ್ ಪದ್ಧತಿಯಲ್ಲ. ಅಲ್ಲಿ ಅಳತೆಯೂ ಇಲ್ಲ, ಮುರಿಯದಿರುವ ಗುಣವೂ ಇಲ್ಲ. ಒಂಟಿ ಚಿಹ್ನೆ ಸಾಲಿನ ತಲೆಗೇರುವ ಅಪಾಯವೊಂದೇ ಉಳಿದಿದೆ.

ಇನ್ನು ಜರ್ಮನ್. ಅದರ ಉದ್ಧರಣ ಚಿಹ್ನೆ ಕೆಳಗೆ ತೆರೆದು ಮೇಲೆ ಮುಚ್ಚುತ್ತದೆ. ತೆರೆಯುವುದು ಸಾಲಿನ ಬುಡದಲ್ಲಿ ಕೂತ 99ರ ಆಕಾರ, ಮುಚ್ಚುವುದು ತಲೆಯ ಮಟ್ಟದ 66ರ ಆಕಾರ. ಸೂಕ್ಷ್ಮವಿರುವುದು ಮುಚ್ಚುವ ಚಿಹ್ನೆಯಲ್ಲಿ: ಇಂಗ್ಲಿಷಿನಲ್ಲಿ ಅದು ತೆರೆಯುವ ಚಿಹ್ನೆ. ಇಂಗ್ಲಿಷಿಗೆ ಹೊಂದಿಸಿಟ್ಟ ಗಣಕ ಇಲ್ಲಿ 99 ಹಾಕಿಬಿಡುತ್ತದೆ. ಜರ್ಮನ್ ಬರಹ ಹೊರಗಿನವರು ಜೋಡಿಸಿದ್ದು ಎಂದು ಪತ್ತೆಹಚ್ಚಲು ಇಷ್ಟೇ ಸಾಕು. ವರ್ಡಾನಾದಂಥ ಕೆಲವು ಅಕ್ಷರವಿನ್ಯಾಸಗಳಲ್ಲಿ ಸರಿಯಾದ ಚಿಹ್ನೆ ಹಾಕಿದರೂ ಸರಿ ಕಾಣುವುದಿಲ್ಲ. ಅವುಗಳ ವಿನ್ಯಾಸಕರು ಆ ಚಿಹ್ನೆಯನ್ನು ಮಾತಿನ ಆರಂಭಕ್ಕೆಂದೇ ಬಗ್ಗಿಸಿ ಬರೆದಿದ್ದಾರೆ. ಜರ್ಮನಿಯ ಬಹಳಷ್ಟು ಕಾದಂಬರಿಗಳು ಇದನ್ನೆಲ್ಲ ಬಿಟ್ಟು »ಹೀಗೆ« ಒಳಮುಖದ ಮೂಲೆಗಳನ್ನು ಬಳಸುತ್ತವೆ. ಸ್ವಿಟ್ಜರ್ಲೆಂಡಿನ ಜರ್ಮನ್ ಪತ್ರಿಕೆಗಳು «ಹೀಗೆ» ಹೊರಮುಖವಾಗಿ, ತೆರಪಿಲ್ಲದೆ.

ಚಿಹ್ನೆಯ ಆಕಾರ ಅಭಿರುಚಿಯ ಮಾತು. ಜರ್ಮನ್ ಅಲ್ಪವಿರಾಮ ಹಾಗಲ್ಲ, ಅದು ಕಾನೂನು. ಪ್ರಧಾನ ವಾಕ್ಯದೊಳಗೆ ಉಪವಾಕ್ಯ ಬಂದರೆ ಅದರ ಮುಂದೊಂದು, ಹಿಂದೊಂದು ಅಲ್ಪವಿರಾಮ ಬೀಳಲೇಬೇಕು. ಓದುವಾಗ ಉಸಿರು ನಿಲ್ಲುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಬಲ್ಲವರು ಜರ್ಮನ್ ಬರೆಯುವಾಗ ಎರಡು ಕಡೆ ಸಿಕ್ಕಿಬೀಳುತ್ತಾರೆ. ಉಪವಾಕ್ಯ ಮುಗಿದಲ್ಲಿ ಹಾಕಬೇಕಾದ ಎರಡನೇ ಅಲ್ಪವಿರಾಮವನ್ನು ಮರೆಯುತ್ತಾರೆ. ‘ನಿನ್ನೆ ಸಂಜೆ’ ಎಂಬಂತೆ ವಾಕ್ಯ ಶುರುಮಾಡಿದಾಗ, ಬೇಡದ ಕಡೆ ಒಂದನ್ನು ಹಾಕುತ್ತಾರೆ. ಈ ಕಟ್ಟುನಿಟ್ಟಿಗೆ ಜರ್ಮನ್ ತೆತ್ತ ಬೆಲೆಯೂ ಇದೆ. ಇರುವ ಒಬ್ಬನೇ ತಮ್ಮನ ಬಗ್ಗೆ ಒಂದು ವಿವರ ಹೇಳುತ್ತಿದ್ದಾರೋ, ಹಲವು ತಮ್ಮಂದಿರಲ್ಲಿ ಇಂಥವನು ಎಂದು ಗುರುತಿಸುತ್ತಿದ್ದಾರೋ ಎಂಬ ಭೇದವನ್ನು ಇಂಗ್ಲಿಷ್ ಅಲ್ಪವಿರಾಮದಿಂದ ತೋರಿಸಬಲ್ಲದು. ಜರ್ಮನ್‌ನಲ್ಲಿ ಎರಡೂ ಕಡೆ ಅಲ್ಪವಿರಾಮ ಕಡ್ಡಾಯವಾದ್ದರಿಂದ ಆ ದಾರಿ ಮುಚ್ಚಿದೆ.

ಈ ಕಾನೂನನ್ನು ಸಡಿಲಿಸಿ ನೋಡಿದ್ದೂ ಆಯಿತು. 1996ರ ಕಾಗುಣಿತ ಸುಧಾರಣೆ, ‘ಮಾಡಲು’, ‘ಹೋಗಲು’ ಎಂಬಂಥ ಕ್ರಿಯಾರೂಪದ ಪದಗುಂಪುಗಳ ಹಿಂದೆ ಬರುವ ಅಲ್ಪವಿರಾಮವನ್ನು ಬಹುತೇಕ ಬರೆಯುವವರ ಇಷ್ಟಕ್ಕೆ ಬಿಟ್ಟಿತು. 2006ರ ಪರಿಷ್ಕರಣೆಯಲ್ಲಿ ಕೆಲವು ಸಂದರ್ಭಗಳಿಗೆ ಮತ್ತೆ ಕಡ್ಡಾಯವಾಯಿತು. 2024ರ ನಿಯಮಾವಳಿ ಸ್ವಾತಂತ್ರ್ಯವನ್ನು ಹಿಂತೆಗೆದುಕೊಂಡು ಇಂಥ ಪದಗುಂಪುಗಳಿಗೆ ಅಲ್ಪವಿರಾಮ ಬೇಕೇ ಬೇಕು ಎಂದಿತು. ಹಿಂದೆ ಸರಿದದ್ದೇಕೆ ಎಂಬುದಕ್ಕೆ ಈ ಒಂದು ವಾಕ್ಯ ಸಾಕು:

ಎರ್ ಎಂಪ್‌ಫಾಲ್ ಡೇಮ್ ಲೇರರ್ ನಿಖ್ಟ್ ತ್ಸು ವೀಡರ್‌ಶ್ಪ್ರೆಹೆನ್.

ಪದಗಳ ಕ್ರಮದಲ್ಲೇ ಹೇಳಿದರೆ: ಅವನು ಸಲಹೆ ಕೊಟ್ಟ, ಮೇಷ್ಟ್ರಿಗೆ, ಎದುರುತ್ತರ ಕೊಡಬಾರದೆಂದು. ಇಲ್ಲಿನ ತೊಡಕು ‘ಮೇಷ್ಟ್ರಿಗೆ’ ಎಂಬ ಚತುರ್ಥಿಯದು. ಸಲಹೆ ಕೊಡುವ ಕ್ರಿಯೆಯೂ ಚತುರ್ಥಿ ಕೇಳುತ್ತದೆ, ಎದುರುತ್ತರದ ಕ್ರಿಯೆಯೂ ಚತುರ್ಥಿ ಕೇಳುತ್ತದೆ. ಎರಡನೇ ಪದದ ಬಳಿಕ ಅಲ್ಪವಿರಾಮ ಹಾಕಿದರೆ, ಮೇಷ್ಟ್ರಿಗೆ ಎದುರುತ್ತರ ಕೊಡಬೇಡಿ ಎಂದು ಅವನು ಬೇರೆ ಯಾರಿಗೋ ಹೇಳಿದ. ‘ಲೇರರ್’ ಆದಮೇಲೆ ಹಾಕಿದರೆ ಸಲಹೆ ಸಿಕ್ಕಿದ್ದೇ ಮೇಷ್ಟ್ರಿಗೆ. ಒಂದೇ ಚುಕ್ಕೆಬಾಲ ಎರಡು ಪದ ಸರಿದರೆ ಮೇಷ್ಟ್ರ ಸ್ಥಾನವೇ ಬದಲಾಗುತ್ತದೆ. ಅಲ್ಪವಿರಾಮವೇ ಇಲ್ಲದಿದ್ದರೆ ಸಂದರ್ಭ ನೋಡಿ ಊಹಿಸಬೇಕು.

ಈಗ ಅದೇ ವಾಕ್ಯವನ್ನು ಕನ್ನಡದಲ್ಲಿ ಬರೆಯಿರಿ: ಮೇಷ್ಟ್ರಿಗೆ ಎದುರುತ್ತರ ಕೊಡಬೇಡಿ ಎಂದು ಸಲಹೆ ಕೊಟ್ಟ. ಗೊಂದಲ ಹಾಗೇ ಉಳಿಯಿತು. ನಮ್ಮಲ್ಲಿ ‘ಎಂದು’ ಇರುವಾಗ ಉದ್ಧರಣ ಚಿಹ್ನೆ ಯಾಕೆ ಎನ್ನುವವರಿದ್ದಾರೆ, ಅವರ ಮಾತು ಅರ್ಧ ನಿಜ. ‘ಎಂದು’ ಮಾತು ಎಲ್ಲಿ ಮುಗಿಯಿತೆಂದು ಖಚಿತವಾಗಿ ಹೇಳುತ್ತದೆ. ಎಲ್ಲಿ ಶುರುವಾಯಿತೆಂದು ಹೇಳುವುದೇ ಇಲ್ಲ. ನಮ್ಮ ವ್ಯಾಕರಣಕ್ಕೆ ಬೇಕಿರುವುದು ಮುಚ್ಚುವ ಚಿಹ್ನೆಗಿಂತ ಹೆಚ್ಚಾಗಿ ತೆರೆಯುವ ಚಿಹ್ನೆ. ಆದರೆ ನಾವು ಇಂಗ್ಲಿಷಿನ ಅಭ್ಯಾಸದಿಂದ ‘ಎಂದು’ ಆದಮೇಲೆ ಒಂದು ಅಲ್ಪವಿರಾಮ ಹಾಕಿ, ಮಾತು ಶುರುವಾಗುವ ಕಡೆ ಸುಮ್ಮನೆ ಬಿಡುತ್ತೇವೆ. ಕರಡು ತಿದ್ದುವಾಗ ಆ ಅಲ್ಪವಿರಾಮವನ್ನು ಹೊಡೆದು ಹಾಕಿ. ಸಲಹೆ ಮೇಷ್ಟ್ರಿಗೇ ಎಂದಾದರೆ ‘ಮೇಷ್ಟ್ರಿಗೆ’ ಆದಮೇಲೆ ಒಂದು ಅಲ್ಪವಿರಾಮ ಇಡಿ. ಬೇರೆಯವರಿಗೆ ಎಂದಾದರೆ ‘ಮೇಷ್ಟ್ರಿಗೆ’ ಎಂಬುದರ ಹಿಂದೆ ಉದ್ಧರಣವನ್ನು ತೆರೆಯಿರಿ.