ಲೋಗೋ ಬದಲಿಸುವ ಮುನ್ನ ಖಾತೆ ಪುಸ್ತಕ ತೆಗೆಯಿರಿ

ಮಾರಾಟ ಇಳಿದ ಕಂಪನಿಯ ಮೀಟಿಂಗಿನಲ್ಲಿ ಮೊದಲು ಬಲಿಯಾಗುವುದು ಲೋಗೋ. ಡಿಸ್ಟ್ರಿಬ್ಯೂಟರ್ ಜೊತೆಗಿನ ಜಗಳ ಬಗೆಹರಿಸುವುದಕ್ಕಿಂತ, ಕಾರ್ಖಾನೆಯ ಹಳೆ ಯಂತ್ರ ಬದಲಿಸುವುದಕ್ಕಿಂತ ಅಕ್ಷರದ ಆಕಾರ ಬದಲಿಸುವುದು ಸುಲಭ. ಏನೋ ಮಾಡಿದ್ದೇವೆ ಎಂದು ನಾಲ್ಕು ಜನಕ್ಕೆ ತೋರಿಸಲೂ ಬರುತ್ತದೆ. ಹಳೆಯ ಪೊಟ್ಟಣ, ಡಬ್ಬ, ಲೇಬಲ್ಲುಗಳ ಹುಚ್ಚು ಹತ್ತಿಸಿಕೊಂಡ ನನ್ನಂಥವರಿಗೆ ಇದರಿಂದ ಲಾಭವೇ, ಸಂಗ್ರಹ ಬೆಳೆಯುತ್ತದೆ. ಆದರೆ ಅದರಲ್ಲಿ ಸೇರಿಕೊಂಡ ಎಷ್ಟೋ ಡಬ್ಬಗಳು ಸುಮ್ಮಸುಮ್ಮನೆ ಸತ್ತವು.

ಬ್ರ್ಯಾಂಡ್ ನಿಜವಾಗಿ ಸೊರಗಿದೆಯೇ ಎಂದು ತಿಳಿಯಲು ಡಿಸೈನರ್ ಬೇಕಿಲ್ಲ, ಭಾಗಾಕಾರ ಬಂದರೆ ಸಾಕು. ಹಾಸನದ ಕಡೆಯ ಒಂದು ಕಾಫಿಪುಡಿ ಕಂಪನಿ ಇದೆ ಎಂದಿಟ್ಟುಕೊಳ್ಳೋಣ. ಮೂರು ವರ್ಷದ ಹಿಂದೆ 400 ಅಂಗಡಿಗಳಲ್ಲಿ ತಿಂಗಳಿಗೆ 10,000 ಕೆಜಿ ಹೋಗುತ್ತಿತ್ತು, ಈಗ 8,500 ಕೆಜಿ. ನೂರಕ್ಕೆ ಹದಿನೈದು ಖೋತಾ. ಯಜಮಾನರ ಮಗ ಹೊಸ ಲೋಗೋ ಮಾಡಿಸೋಣ ಎನ್ನುತ್ತಾನೆ. ಕೊಂಚ ತಡೆದು ಈಗ ಎಷ್ಟು ಅಂಗಡಿಗಳಲ್ಲಿ ಮಾಲು ಇದೆ ಎಂದು ಕೇಳಬೇಕು. ಉತ್ತರ 330 ಎಂದಾದರೆ ಕಥೆಯೇ ಬೇರೆ. ಮೊದಲು ಅಂಗಡಿಯೊಂದಕ್ಕೆ 25 ಕೆಜಿ ಹೋಗುತ್ತಿತ್ತು, ಈಗ 25ಕ್ಕೂ ಸ್ವಲ್ಪ ಮೇಲೆಯೇ ಹೋಗುತ್ತಿದೆ. ಪುಡಿ ಸಿಕ್ಕಿದ ಕಡೆ ಜನ ಮೊದಲಿನಷ್ಟೇ ಕೊಳ್ಳುತ್ತಿದ್ದಾರೆ, 70 ಅಂಗಡಿಗಳಲ್ಲಿ ಸಿಗುತ್ತಲೇ ಇಲ್ಲ. ಯಾವುದೋ ಲೈನಿನ ಸೇಲ್ಸ್‌ಮನ್ ಕೆಲಸ ಬಿಟ್ಟಿರಬೇಕು, ಅಥವಾ ಡಿಸ್ಟ್ರಿಬ್ಯೂಟರಿಗೆ ಉದ್ದರಿ ಕೊಡುವುದು ನಿಂತಿರಬೇಕು. ಇಲ್ಲಿ ರೀಬ್ರ್ಯಾಂಡಿಂಗೂ ಬೇಡ, ಪೊಟ್ಟಣಕ್ಕೆ ಹೊಳಪೂ ಬೇಡ, ಒಂದು ವ್ಯಾನು ಬೇಕು.

ಅಂಗಡಿಗಳು 400 ಹಾಗೆಯೇ ಇದ್ದು, ಒಂದೊಂದರ ಮಾರಾಟ 25ರಿಂದ ಸುಮಾರು 21 ಕೆಜಿಗೆ ಇಳಿದಿದ್ದರೆ ಆಗ ಚಿಂತಿಸಬೇಕು. ಆಗಲೂ ಮೊದಲು ನೋಡಬೇಕಾದ್ದು ಸ್ಕೀಮು. ಹಿಂದೆ 24 ಪ್ಯಾಕೆಟ್ಟಿಗೆ ಒಂದು ಉಚಿತ ಕೊಟ್ಟರೆ ಅಂಗಡಿಯವರು ಮಾಲು ಇಳಿಸಿಕೊಳ್ಳುತ್ತಿದ್ದರು, ಈಗ 12ಕ್ಕೆ ಒಂದು ಕೊಟ್ಟರೂ ಗೊಣಗುತ್ತಾರೆ. ಅಂದರೆ ನೂರಕ್ಕೆ ನಾಲ್ಕಿದ್ದ ರಿಯಾಯಿತಿ ಎಂಟರ ಹತ್ತಿರಕ್ಕೆ ಬಂದಿದೆ. ಅಷ್ಟು ಬಿಟ್ಟುಕೊಟ್ಟರೂ ಮಾಲು ಕಡಿಮೆ ಹೋಗುತ್ತಿದೆ ಎಂದರೆ ಹೆಸರಿನ ಬಲ ಕುಂದಿದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮಾರಾಟದ ಅಂಕಿ ಎಷ್ಟೋ ಸಲ ಇದನ್ನು ಮುಚ್ಚಿಡುತ್ತದೆ. ಸ್ಕೀಮು ಹೆಚ್ಚಿಸುತ್ತಾ ಹೋದರೆ ಕೆಜಿ ಲೆಕ್ಕ ನೆಟ್ಟಗೆ ನಿಂತಿರುತ್ತದೆ, ಬ್ರ್ಯಾಂಡ್ ಒಳಗೊಳಗೇ ಟೊಳ್ಳಾಗುತ್ತಿರುತ್ತದೆ.

ಇನ್ನೊಂದು ಪರೀಕ್ಷೆ ಗಲ್ಲಾಪೆಟ್ಟಿಗೆಯ ಪಕ್ಕ ಅರ್ಧ ದಿನ ನಿಂತರೆ ಆಗುತ್ತದೆ. ಗಿರಾಕಿ ಹೆಸರು ಹಿಡಿದು ಕೇಳುತ್ತಾನೋ, 'ಕಾಲು ಕೆಜಿ ಕಾಫಿಪುಡಿ ಕೊಡಿ' ಎನ್ನುತ್ತಾನೋ? ತನ್ನ ಬ್ರ್ಯಾಂಡ್ ಇಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೋ, ಇದ್ದದ್ದನ್ನೇ ಹಿಡಿದು ಮನೆಗೆ ನಡೆಯುತ್ತಾನೋ? ಹೆಸರು ಹಿಡಿದು ಕೇಳುವವರೆಲ್ಲ ಐವತ್ತು ದಾಟಿದವರೇ ಆಗಿದ್ದು, ಹೊಸದಾಗಿ ಸಂಸಾರ ಹೂಡಿದವರು ಒಬ್ಬರೂ ಇಲ್ಲದಿದ್ದರೆ ಅಪಾಯ ಈಗಲ್ಲ, ಹತ್ತು ವರ್ಷದ ಆಚೆ ಇದೆ. ಸದ್ಯದ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಇವು ಚಿಹ್ನೆಗಳು. ಚಿಹ್ನೆಗಳೇ ಅಲ್ಲದವು ಇನ್ನೂ ಹೆಚ್ಚು ಇವೆ. ಯಜಮಾನರಿಗೆ ಪೊಟ್ಟಣ ನೋಡಿ ನೋಡಿ ಬೇಸರವಾಗುವುದು ಚಿಹ್ನೆಯಲ್ಲ, ಅವರು ಅದನ್ನು ದಿನವಿಡೀ ನೋಡುತ್ತಾರೆ, ಗಿರಾಕಿ ತಿಂಗಳಿಗೊಮ್ಮೆ ಎರಡು ಸೆಕೆಂಡು ನೋಡುತ್ತಾನೆ. ಪ್ರತಿಸ್ಪರ್ಧಿ ಬಣ್ಣ ಬದಲಿಸಿದ್ದೂ ಚಿಹ್ನೆಯಲ್ಲ. ಹೊಸ ಎಂ.ಡಿ. ಬಂದಿರುವುದಂತೂ ಖಂಡಿತ ಅಲ್ಲ. ಆದರೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಒಳ್ಳೆಯ ಚಿಹ್ನೆ ಇದೆ, ಅದು ನಕಲಿ ಮಾಲು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ನಕಲು ತಯಾರಿಸುತ್ತಿದ್ದ ಜಾಗ ಪತ್ತೆಯಾಯಿತು. ಸೋಪಿನ ಕಾರ್ಖಾನೆಗೆ ಅದು ತಲೆನೋವೇ ಸರಿ. ಆದರೆ ಸಾಯುತ್ತಿರುವ ಹೆಸರನ್ನು ಯಾವ ಕಳ್ಳನೂ ಕದಿಯುವುದಿಲ್ಲ. ಆ ಮೊಟ್ಟೆಯಾಕಾರದ ಸೋಪು, ಆನೆಯ ತಲೆ ಸಿಂಹದ ಮೈಯ ಶರಭ, ಆ ಡಬ್ಬದ ಬಣ್ಣ, ಈ ಮೂರನ್ನೂ ನಕಲಿಯವರು ಎಷ್ಟು ಶ್ರದ್ಧೆಯಿಂದ ಕಾಪಿ ಮಾಡುತ್ತಾರೆ ಎನ್ನುವುದೇ ಯಾವುದನ್ನು ಮುಟ್ಟಬಾರದು ಎನ್ನುವುದಕ್ಕೆ ಪಟ್ಟಿ.

ಹಾಗೆ ಮುಟ್ಟಬಾರದ್ದನ್ನು ಮುಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ ಈ ಕಸುಬಿನಲ್ಲಿ ಎಲ್ಲರೂ ಹೇಳುವ ಕಥೆ ಅಮೆರಿಕದ ಟ್ರಾಪಿಕಾನಾ ಕಿತ್ತಳೆ ರಸದ್ದು. ಆಗ ಪೆಪ್ಸಿಕೋ ಕಂಪನಿಯದಾಗಿದ್ದ ಈ ರಸದ ಡಬ್ಬದ ಮೇಲೆ ಕಿತ್ತಳೆ ಹಣ್ಣಿಗೆ ನೇರವಾಗಿ ಸ್ಟ್ರಾ ಚುಚ್ಚಿದ ಚಿತ್ರವಿತ್ತು. 2009ರ ಜನವರಿಯಲ್ಲಿ ಅದನ್ನು ತೆಗೆದು ರಸ ತುಂಬಿದ ಲೋಟದ ಚಿತ್ರ ಹಾಕಿದರು, ಹೆಸರನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರು. ಒಳಗಿನ ರಸ ಅದೇ. ಫೆಬ್ರವರಿ 22ರ ಹೊತ್ತಿಗೆ ಮಾರಾಟ ಸುಮಾರು ನೂರಕ್ಕೆ ಇಪ್ಪತ್ತು ಬಿದ್ದಿತ್ತು. ಹಳೆ ಡಬ್ಬ ಮರಳಿ ತರುತ್ತೇವೆ ಎಂದು ಕಂಪನಿ ಘೋಷಿಸಬೇಕಾಯಿತು.

ಹೊಸ ಡಬ್ಬ ವಿಕಾರವಾಗಿತ್ತೆಂದು ಜನ ಬಿಟ್ಟರು ಎನ್ನುವುದು ಅರ್ಧ ವಿವರಣೆ. ಫ್ರಿಜ್ಜಿನ ಮುಂದೆ ನಿಂತ ಗಿರಾಕಿ ಡಬ್ಬವನ್ನು ಓದುವುದಿಲ್ಲ, ಗುರುತು ಹಿಡಿಯುತ್ತಾನೆ. ಗುರುತು ಹೋದ ಮೇಲೆ ಅದು ಸೂಪರ್‌ಮಾರ್ಕೆಟ್ಟಿನ ಸ್ವಂತ ಅಗ್ಗದ ರಸದಂತೆ ಕಾಣಿಸಿತು, ತಿರುಳಿರುವ ರಸ ಯಾವುದು, ಇಲ್ಲದ್ದು ಯಾವುದು ಎನ್ನುವುದೂ ತಟ್ಟನೆ ತಿಳಿಯದಾಯಿತು. ಹುಡುಕುವಷ್ಟು ವ್ಯವಧಾನ ಯಾರಿಗಿದೆ, ಕೈ ಪಕ್ಕದ ಡಬ್ಬಕ್ಕೆ ಹೋಯಿತು. ಹೊಸ ಡಬ್ಬದ ಮುಚ್ಚಳ ಅರ್ಧ ಕಿತ್ತಳೆಯ ಆಕಾರದಲ್ಲಿತ್ತು, ಹಿಂಡಿ ತೆಗೆದಂತೆ ತಿರುಗಿಸಿ ತೆರೆಯಬೇಕು. ಅದು ನನಗೆ ಇವತ್ತಿಗೂ ಇಷ್ಟ. ಹಳೆ ಚಿತ್ರವನ್ನು ಹಾಗೇ ಇಟ್ಟು ಆ ಮುಚ್ಚಳವೊಂದನ್ನೇ ಸೇರಿಸಿದ್ದರೆ ಅದನ್ನೇ ನಾವು ಹದವಾದ ಹೊಳಪು ಎನ್ನುತ್ತಿದ್ದೆವು.

ಪೂರ್ತಿ ಬದಲಾವಣೆಯೇ ಸರಿಯಾಗಿದ್ದ ಸಂದರ್ಭವೂ ನಮ್ಮ ಕಣ್ಣೆದುರೇ ನಡೆದಿದೆ. ಬಜಾಜ್ ಚೇತಕ್ ಸ್ಕೂಟರ್ 1972ರಲ್ಲಿ ಬಂತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ, ಸಿಕ್ಕಿದ ಗಾಡಿಯನ್ನು ಬ್ಲ್ಯಾಕಿನಲ್ಲಿ ಕಂಪನಿ ದರಕ್ಕಿಂತ ಹೆಚ್ಚಿಗೆ ಮಾರಬಹುದಿತ್ತು. 1989ರ 'ಹಮಾರಾ ಬಜಾಜ್' ಜಾಹೀರಾತು ಆ ಹೆಸರನ್ನು ಮನೆಮನೆಯ ಹೆಮ್ಮೆಯಾಗಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ನಾನು ಮೇಲೆ ಹೇಳಿದ ಚಿಹ್ನೆಗಳು ಒಂದೊಂದಾಗಿ ಕಂಡವು. ಕಾಯುವವರ ಸಾಲು ಕರಗಿತು, ಬ್ಲ್ಯಾಕಿನ ದರ ಮಾಯವಾಯಿತು. ಅದಕ್ಕಿಂತ ಗಂಭೀರವಾದದ್ದು ಮೊದಲ ಗಾಡಿ ಕೊಳ್ಳುವ ಹುಡುಗರ ದಾರಿ. ಹೆಚ್ಚು ಮೈಲೇಜ್ ಕೊಡುವ ನಾಲ್ಕು ಸ್ಟ್ರೋಕಿನ ಬೈಕುಗಳತ್ತ, ಅದರಲ್ಲೂ ಹೀರೋ ಹೋಂಡಾದತ್ತ ಅವರು ಹೊರಟುಬಿಟ್ಟಿದ್ದರು. 2001ರ ಹೊತ್ತಿಗೆ ದ್ವಿಚಕ್ರ ವಾಹನಗಳ ಮೊದಲ ಸ್ಥಾನ ಹೀರೋ ಹೋಂಡಾದ ಪಾಲಾಯಿತು.

ಇಲ್ಲಿ ಜನರ ನೆನಪಿನಲ್ಲಿದ್ದದ್ದೇ ತೊಡಕು. ಚೇತಕ್ ಎಂದರೆ ಬೆಳಿಗ್ಗೆ ಒಂದು ಮಗ್ಗುಲಿಗೆ ವಾಲಿಸಿ ಕಿಕ್ ಹೊಡೆಯುವ ಅಪ್ಪ, ಹಿಂದೆ ಅಮ್ಮ, ಮುಂದೆ ನಿಂತ ಮಗು. ಪ್ರೀತಿಯ ನೆನಪೇ, ಆದರೆ ಇಪ್ಪತ್ತರ ಹುಡುಗ ಕೊಳ್ಳಲು ಹೊರಟದ್ದು ಅಪ್ಪನ ಗಾಡಿಯನ್ನಲ್ಲ. ಚೇತಕ್ಕಿಗೆ ಹೊಸ ಬಣ್ಣ, ಹೊಸ ಸ್ಟಿಕರ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ, ಏಕೆಂದರೆ ಇಳಿದದ್ದು ಮುಖದ ಕಾಂತಿಯಲ್ಲ, ಇಡೀ ಸ್ಕೂಟರ್ ಎನ್ನುವ ವಸ್ತುವಿನ ಬೇಡಿಕೆ.

ಬಜಾಜ್ ಮಾಡಿದ ಕೆಲಸದ ಕ್ರಮ ನೋಡಿ. 2001ರ ಕೊನೆಗೆ ಪಲ್ಸರ್ ಬೈಕ್ ಬಂತು. ಅದಕ್ಕೆ ಚೇತಕ್ಕಿನ ಹೆಸರಿನ ನೆರಳೂ ತಾಗದಂತೆ ನೋಡಿಕೊಂಡರು. ಜಾಹೀರಾತಿನ ಧಾಟಿ ಕುಟುಂಬದಿಂದ ಗಂಡಸುತನಕ್ಕೆ ತಿರುಗಿತು, ಆ ಧಾಟಿ ನನಗೆ ರುಚಿಸದಿದ್ದರೂ ಗುರಿ ಯಾರೆಂಬುದು ಸ್ಪಷ್ಟವಿತ್ತು. ಬೈಕು ರಸ್ತೆಯಲ್ಲಿ ಹೆಸರು ಮಾಡಿದ ಮೇಲೆ, 2004ರಲ್ಲಿ ಕಂಪನಿಯ ಹೊಸ ಲೋಗೋ ಬಂತು. ಅಂದರೆ ವಸ್ತು ಮೊದಲು, ಮುದ್ರೆ ಎರಡು ವರ್ಷದ ನಂತರ. ಅಷ್ಟೆಲ್ಲ ಬದಲಿಸಿದರೂ ಬಜಾಜ್ ಎಂಬ ಹೆಸರನ್ನು ಬಿಡಲಿಲ್ಲ. ಸಣ್ಣ ಊರಿನಲ್ಲೂ ಸಿಗುವ ಬಿಡಿಭಾಗ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್, ಇವೆಲ್ಲ ಆ ಹೆಸರಿನ ಖಾತೆಯಲ್ಲಿದ್ದ ಆಸ್ತಿ. 2009ರಲ್ಲಿ ಸ್ಕೂಟರ್ ತಯಾರಿಕೆಯನ್ನೇ ಬಿಡುವ ನಿರ್ಧಾರವನ್ನು ಮಗ ರಾಜೀವ್ ಬಜಾಜ್ ಪ್ರಕಟಿಸಿದಾಗ ತಂದೆ ರಾಹುಲ್ ಬಜಾಜ್ ತಮ್ಮ ಬೇಸರವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಕಪಾಟಿನಲ್ಲಿಟ್ಟ ಚೇತಕ್ ಎಂಬ ಹೆಸರು 2019ರಲ್ಲಿ ಎಲೆಕ್ಟ್ರಿಕ್ ಸ್ಕೂಟರಿಗೆ ಮರಳಿತು. ಆ ಹೊತ್ತಿಗೆ ಅಪ್ಪನ ಗಾಡಿ ಎನ್ನುವುದು ಹೊರೆಯಾಗಿ ಉಳಿದಿರಲಿಲ್ಲ, ಅದಕ್ಕೊಂದು ಬೆಲೆ ಬಂದಿತ್ತು.

ಸೊರಗದಿದ್ದರೂ ಹೆಸರು ಬದಲಿಸಲೇಬೇಕಾದ ಸಂದರ್ಭಗಳಿವೆ. 2007ರಲ್ಲಿ ಯುಟಿಐ ಬ್ಯಾಂಕ್ ಆಕ್ಸಿಸ್ ಬ್ಯಾಂಕ್ ಆದದ್ದು ಯುಟಿಐ ಹೆಸರಿನ ಹಕ್ಕಿನ ಪ್ರಶ್ನೆಯಿಂದ. ಅದು ವಕೀಲರ ವಿಷಯ, ಇಲ್ಲಿ ಬೇಡ.

ಹಾಸನದ ಕಾಫಿಪುಡಿಗೆ ಮರಳಿದರೆ, ಅಂಗಡಿಯೊಂದರ ಮಾರಾಟ ಇಳಿದಿದೆ, ಸ್ಕೀಮು ಏರಿದೆ, ಎಳೆಯರು ಬರುತ್ತಿಲ್ಲ ಎಂದುಕೊಳ್ಳೋಣ. ಇನ್ನು ಉಳಿದದ್ದು ನೆನಪಿನ ಪರೀಕ್ಷೆ. ಹಳೆ ಗಿರಾಕಿಗಳಿಗೂ ಬಿಟ್ಟುಹೋದವರಿಗೂ ಹೆಸರು ಮುಚ್ಚಿದ ಪೊಟ್ಟಣ ತೋರಿಸಿ, ಇದು ಯಾವುದು, ನೋಡಿದರೆ ಏನು ನೆನಪಾಗುತ್ತದೆ ಎಂದು ಕೇಳಬೇಕು. 'ಗಟ್ಟಿ ಡಿಕಾಕ್ಷನ್' ಎಂಬ ಉತ್ತರ ಬಂದರೆ ಬಣ್ಣವನ್ನೂ ಲೋಟದ ಚಿತ್ರವನ್ನೂ ಹಾಗೇ ಬಿಟ್ಟು, ಅಕ್ಷರ ತಿದ್ದಿ, ಚಿಕೋರಿ ಎಷ್ಟು ಪಾಲು ಎನ್ನುವುದನ್ನು ಮುಂದೆಯೇ ದೊಡ್ಡದಾಗಿ ಹಾಕಿ, ಒಬ್ಬರೇ ಇರುವವರಿಗೆ 50 ಗ್ರಾಂ ಪೊಟ್ಟಣ ತಂದರೆ ಸಾಕು. 'ಅದರಲ್ಲಿ ಬರೀ ಚಿಕೋರಿ' ಎಂಬ ಉತ್ತರ ಬಂದರೆ ಮೊದಲು ಪುಡಿ ಬದಲಾಗಬೇಕು, ಆಮೇಲೆ ಬೇರೆ ಹೆಸರಿನ ಮಾತು.

ಯಾವುದೇ ಆಗಲಿ, 400 ಅಂಗಡಿಗೂ ಒಟ್ಟಿಗೆ ಕಳಿಸಬಾರದು. ಒಂದೇ ತೆರನಾದ 20 ಅಂಗಡಿಗಳಲ್ಲಿ ಹೊಸದು, 20ರಲ್ಲಿ ಹಳೆಯದು ಇಟ್ಟು, ಎರಡೂ ಕಡೆ ಒಂದೇ ಸ್ಕೀಮು ಕೊಟ್ಟು ಮೂರು ತಿಂಗಳು ಕಾಯಬೇಕು. ಮೊದಲ ತಿಂಗಳ ಲೆಕ್ಕ ನಂಬುವಂಥದ್ದಲ್ಲ, ಹೊಸ ಪೊಟ್ಟಣವೆಂದು ಕುತೂಹಲಕ್ಕೆ ಕೊಳ್ಳುವವರು ಇದ್ದೇ ಇರುತ್ತಾರೆ, ಅಂಗಡಿಯವರೂ ಎದುರಿನ ಸಾಲಿನಲ್ಲೇ ಜೋಡಿಸಿರುತ್ತಾರೆ. ಕಾಲು ಕೆಜಿ ಪುಡಿ ಒಂದು ಸಣ್ಣ ಮನೆಯಲ್ಲಿ ಎರಡು ಮೂರು ವಾರ ಬರುತ್ತದೆ, ಹಾಗಾಗಿ ಎರಡನೆಯ ಸಲ, ಮೂರನೆಯ ಸಲ ಕೊಳ್ಳುವವರು ತಿಳಿಯುವುದು ಎರಡನೆಯ ತಿಂಗಳಿನಿಂದಲೇ. ಆಗ ಹಳೆ ಗಿರಾಕಿಯೊಬ್ಬರು ಹೊಸ ಪೊಟ್ಟಣದ ಎದುರೇ ನಿಂತು 'ನಮ್ಮ ಪುಡಿ ಬಂದಿಲ್ವಾ?' ಎಂದು ಕೇಳಿದರೆ, ಅಂಗಡಿಯವರು ಅದನ್ನು ಸೇಲ್ಸ್‌ಮನ್‌ಗೆ ಹೇಳುವಂತೆ ಮೊದಲೇ ಮಾತಾಡಿಟ್ಟಿರಬೇಕು. ಅಂಥ ಮಾತು ನಾಲ್ಕೈದು ಅಂಗಡಿಗಳಿಂದ ಬಂದರೆ, ಪ್ರಿಂಟಿಂಗ್ ಪ್ರೆಸ್ಸಿಗೆ ಕೊಟ್ಟ ದೊಡ್ಡ ಆರ್ಡರನ್ನು ಅವತ್ತೇ ನಿಲ್ಲಿಸಬೇಕು.